ಗಾದಿಗೆ ಮೊದಲು ಬಿಸಿಲು, ಆಮೇಲೆ ಸೋಡಾ

ಬೆವರು ವಾಸನೆ ಹಿಡಿದ ಅರಳೆ ಗಾದಿ, ತಲೆದಿಂಬುಗಳಿಗೆ ಅಡುಗೆ ಸೋಡಾ ಉದುರಿಸಿದರೆ ಸಾಕು ಎನ್ನುವವರಿದ್ದಾರೆ. ಆದರೆ ಸೋಡಾ ಬೆವರಿನ ಹುಳಿವಾಸನೆಯನ್ನಷ್ಟೇ ತಗ್ಗಿಸುತ್ತದೆ, ಒಳಗಿನ ತೇವ ತೆಗೆಯುವುದಿಲ್ಲ. ತೇವ ಉಳಿದರೆ ವಾಸನೆ ಮರಳುತ್ತದೆ, ಹಸಿಬಟ್ಟೆಗೆ ಪುಡಿಯೂ ಅಂಟಿಕೊಳ್ಳುತ್ತದೆ. ಆದ್ದರಿಂದ ಬೆಳಿಗ್ಗೆ 10ಕ್ಕೆ ಬಿಸಿಲಿಗೆ ಹಾಸಿ, ಮಧ್ಯಾಹ್ನ ಮಗುಚಿ ಬಡಿದು, ಸಂಜೆಯ ತಂಪು ತಾಗುವ ಮೊದಲೇ ಒಳಗೆ ತನ್ನಿ. ಆಮೇಲೆ ತೆಳುವಾಗಿ ಸೋಡಾ ಉದುರಿಸಿ, ಒಂದು ತಾಸು ಬಿಟ್ಟು ಒಣ ಬ್ರಷ್‌ನಿಂದ ಝಾಡಿಸಿ.

ಬಿಸಿಲೊಂದೇ ಸಾಲದೇ? ಬೇಸಿಗೆಯಲ್ಲಿ ಸವದತ್ತಿ, ರಾಮದುರ್ಗದ ಒಣ ಬಿಸಿಲು ಎಷ್ಟೋ ಸಲ ಸಾಕು. ಮಳೆ ಹೆಚ್ಚಿರುವ ಕಿತ್ತೂರಿನ ಕಡೆ ಬಿಡುವಿನ ಬಿಸಿಲಿಗೆ ಎರಡು ದಿನವಾದರೂ ಹಾಕಬೇಕು. ಗಾದಿ ಆರಿದ ಮೇಲೆ ನಡುವೆ ಅಂಗೈ ಒತ್ತಿ ನೋಡಿ. ತಂಪು, ಭಾರ, ಬೂಷ್ಟಿನ ವಾಸನೆ ಉಳಿದಿದ್ದರೆ ಸೋಡಾ ಹೆಚ್ಚಿಸಿ ಫಲವಿಲ್ಲ. ಬೂಷ್ಟು ಹಿಡಿದ ಅರಳೆ ತೆಗೆದುಹಾಕಿ, ಉಳಿದದ್ದನ್ನು ಒಣಗಿಸಿ ಹಿಂಜಿಸಬೇಕು.