`T.` ಅಂದ್ರೆ ತಮಿಳಿನಿಂದ ಬಂದದ್ದಲ್ಲ

ಹಳೇ ನಿಘಂಟಿನ ಪುಟದ ಫೋಟೊ ತೆಗೆದು ಅದನ್ನು ಅಕ್ಷರಕ್ಕೆ ಇಳಿಸೋದು ಸುಲಭದ ಕೆಲಸ ಅಂತ ಹೊರಗಿನವರಿಗೆ ಅನ್ನಿಸಬಹುದು. ಆ ಪುಟದಲ್ಲಿ ಒಂದು ಚುಕ್ಕೆ ಹೋದರೆ ಪದದ ಅರ್ಥ ಬದಲಾಗುತ್ತೆ, ಒಂದು ಕಂಸ ಹೋದರೆ ಪದದ ಊರೇ ಬದಲಾಗುತ್ತೆ. ಉರಿಗಾಂನಲ್ಲಿ ಹುಟ್ಟಿದ ನನ್ನಂಥವರಿಗೆ ಈ ಎರಡನೇದು ಸ್ವಲ್ಪ ಜಾಸ್ತಿ ತಾಗುತ್ತೆ.

ನಮ್ಮ ಮನೆಮಾತು ತಮಿಳು, ಪಕ್ಕದ ಮನೆಯದು ತೆಲುಗು, ಬೀದಿಯದು ಮೂರೂ ಸೇರಿದ್ದು. ಬೆಂಗಳೂರಿನ ಆಫೀಸಿನಲ್ಲಿ ನಾನು ಬಾಯಿಬಿಟ್ಟರೆ ಯಾರಾದರೂ ಒಬ್ಬರು, 'ಇದು ಕನ್ನಡ ಪದ ಅಲ್ಲ ಕಣ್ರೀ, ತಮಿಳು' ಅಂತ ನಗೋದು ಮಾಮೂಲು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರಿಗೆ ಇದೇ ವಿಷಯದಲ್ಲಿ ಹಟ. ಊರಿನ ಮಕ್ಕಳಿಗೆ ಅಂತ ಅವರು ಪದಗಳ ಒಂದು ಪಟ್ಟಿ ಮಾಡ್ತಿದ್ದಾರೆ. ಅದಕ್ಕೆ ಆಧಾರ ಕಿಟೆಲ್. 'ನಂಗೆ ಕಣ್ಣು ಸಾಲಲ್ಲಪ್ಪ, ನೀನು ಫೋಟೊ ತೆಗೆದು ಟೈಪ್ ಮಾಡಿಕೊಡು' ಅಂತ ಎರಡು ಭಾನುವಾರದ ಮಟ್ಟಿಗೆ ಪುಸ್ತಕ ಕೊಟ್ಟರು.

ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದದ್ದು. ಸಾವಿರದ ಏಳುನೂರು ಪುಟ ದಾಟಿದ ಇಟ್ಟಿಗೆ. ಕಾಲಂ ತುಂಬ ಸಣ್ಣ ಅಚ್ಚು: ದಪ್ಪಕ್ಷರದಲ್ಲಿ ಕನ್ನಡ ಪದ, ಪಕ್ಕದಲ್ಲಿ ರೋಮನ್ ಲಿಪಿಯ ಉಚ್ಚಾರ, ಆಮೇಲೆ ಅರ್ಥಗಳು. ನಡುನಡುವೆ `T.`, `Te.`, `Tu.`, `M.`, `Tbh.` ಅನ್ನೋ ತುಂಡಕ್ಷರಗಳು. ಕ್ರಮವಾಗಿ ತಮಿಳು, ತೆಲುಗು, ತುಳು, ಮಲಯಾಳ, ತದ್ಭವ. ಪದದ ಹತ್ತಿರ ಹೋಗೋ ಮೊದಲೇ ಪುಸ್ತಕದ ಮುಂಭಾಗದ ಸಂಕ್ಷೇಪಗಳ ಪಟ್ಟಿಯ ಫೋಟೊ ತೆಗೆದಿಟ್ಟುಕೊಳ್ಳಬೇಕು. ಅದಿಲ್ಲದೆ ಉಳಿದ ಪುಟಗಳು ಬೀಗದ ಕೈ ಕಳೆದ ಪೆಟ್ಟಿಗೆ.

ಫೋಟೊ ವಿಷಯಕ್ಕೆ ಬರೋಣ. ಉಚ್ಚಾರದ ಗುರುತುಗಳಲ್ಲಿ ಅಕ್ಷರದ ಕೆಳಗಿನ ಚುಕ್ಕೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇರಲ್ಲ. ಇಂಚಿಗೆ 300 ಪಿಕ್ಸೆಲ್ ಸಿಕ್ಕಿದರೆ ಆ ಚುಕ್ಕೆಗೆ ಮೂರು ಪಿಕ್ಸೆಲ್ ಅಗಲ ಬರುತ್ತೆ, ಕಣ್ಣಿಗೂ ಕಾಣುತ್ತೆ, ಮೆಷೀನಿಗೂ ಕಾಣುತ್ತೆ. ಅದರ ಅರ್ಧಕ್ಕೆ ಇಳಿದರೆ ಚುಕ್ಕೆ, ಕಾಗದದ ಕಲೆ, ಎರಡೂ ಒಂದೇ. ಸಾಮಾನ್ಯ ಫೋನಿನ ಫೋಟೊ ಉದ್ದ 4000 ಪಿಕ್ಸೆಲ್. ಹತ್ತು ಇಂಚು ಎತ್ತರದ ಒಂದೇ ಪುಟ ತುಂಬಿಸಿ ತೆಗೆದರೆ ಇಂಚಿಗೆ 400, ನಿಶ್ಚಿಂತೆ. ಬಿಚ್ಚಿಟ್ಟ ಎರಡೂ ಪುಟ ಒಟ್ಟಿಗೆ ತೆಗೆದರೆ 300ಕ್ಕಿಂತ ಕಡಿಮೆ. ಅದನ್ನೇ ವಾಟ್ಸಾಪಿನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದರೆ ಅದು ಇನ್ನಷ್ಟು ಕುಗ್ಗಿಸುತ್ತೆ, ಚುಕ್ಕೆಗಳ ಕಥೆ ಮುಗೀತು. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಅಂತ ಕಳಿಸಿ.

ಇನ್ನೊಂದು ಮಾತು. ಸ್ಕ್ಯಾನ್ ಆಪ್‌ಗಳಲ್ಲಿ ಪುಟವನ್ನು ಬೆಳ್ಳಗೆ ಮಾಡೋ ಕಪ್ಪು-ಬಿಳುಪು ಫಿಲ್ಟರ್ ಇರುತ್ತಲ್ಲ, ನೋಡೋಕೆ ಚಂದ, ಆದರೆ ದಪ್ಪಕ್ಷರ ಮತ್ತು ತೆಳು ಅಕ್ಷರದ ವ್ಯತ್ಯಾಸವನ್ನು ಅದು ತಿಂದುಹಾಕಬಹುದು. ನಿಘಂಟಿನಲ್ಲಿ ದಪ್ಪಕ್ಷರ ಅಲಂಕಾರಕ್ಕಲ್ಲ, ಅದು ಮನೆಯ ಗೋಡೆ. ಒಂದು ಪದದ ವಿಚಾರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಹೇಳೋದು ಅದೇ. ಹಾಗಾಗಿ ಬೂದು ಬಣ್ಣ ಉಳಿಸಿಕೊಂಡು, ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆಯೋದೇ ಮೇಲು.

ಆಮೇಲೆ ಕಾಲಂಗಳನ್ನು ಕತ್ತರಿಸಿ ಬೇರೆಬೇರೆ ಚಿತ್ರ ಮಾಡಿ, ಒಂದೊಂದನ್ನೇ ಓದಿಸಿದೆ.

```
tesseract col1.png col1 -l kan+eng --psm 4
```

ಇಲ್ಲಿಯವರೆಗೂ ಮೆಷೀನಿನ ಕೆಲಸ. ಕಷ್ಟ ಶುರುವಾಗೋದು ೞ ಅಕ್ಷರದಲ್ಲಿ. ಹಳಗನ್ನಡದ ಈ ಅಕ್ಷರವನ್ನು ನಾವು ಶತಮಾನಗಳ ಹಿಂದೆಯೇ ಬಿಟ್ಟೆವು, ಕಿಟೆಲ್ ಬಿಡಲಿಲ್ಲ. ಸಣ್ಣ ಅಚ್ಚಿನಲ್ಲಿ ಇದೂ ಱ ಅಕ್ಷರವೂ ಅಣ್ಣತಮ್ಮಂದಿರ ಥರ ಕಾಣುತ್ತವೆ. ಯುನಿಕೋಡಿನವರಿಗೂ ಇದು ಅಪರಿಚಿತವೇ ಆಗಿತ್ತು ಅನ್ಸತ್ತೆ, `U+0CDE` ಜಾಗದಲ್ಲಿ ಇದಕ್ಕಿಟ್ಟ ಹೆಸರು `KANNADA LETTER FA`. ತಪ್ಪು ಅಂತ ಗೊತ್ತಾದ ಮೇಲೂ ಹೆಸರು ಬದಲಿಸೋ ಹಾಗಿಲ್ಲ ಅನ್ನೋದು ಅಲ್ಲಿನ ನಿಯಮ. ಹಾಗಾಗಿ ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಿದ್ದಾರೆ.

ೞ ಹೋಗಿ ಳ ಆದರೆ ಏನು ಮಹಾ ಅಂತೀರಾ? ಆಳ್ ಅಂದ್ರೆ ಮನುಷ್ಯ, ಕೆಲಸದವನು. ಆೞ್ ಅಂದ್ರೆ ಮುಳುಗು, ಕೆಳಗಿಳಿ. ನಾವು ಈಗ ಹೇಳೋ 'ಆಳ' ಬಂದದ್ದು ಅಲ್ಲಿಂದ. ಮೂರು ಕಿಲೋಮೀಟರಿಗೂ ಆಳಕ್ಕೆ ಆಳುಗಳನ್ನು ಇಳಿಸಿ, 2001ರಲ್ಲಿ ಬಾಗಿಲು ಹಾಕಿದ ಗಣಿ ಇರೋ ಊರು ನಮ್ಮದು. ಇಲ್ಲಿ ಈ ಎರಡು ಪದ ಕಲಸಿಹೋಗೋದು ನನಗೆ ಇಷ್ಟವಿರಲಿಲ್ಲ. ಟೈಪ್ ಮಾಡಿದ್ದನ್ನು ಜೋರಾಗಿ ಓದ್ತಿದ್ದಾಗ ಅಡುಗೆಮನೆಯಿಂದ ಅಮ್ಮ ತಡೆದಳು. 'ಎರಡನ್ನೂ ಒಂದೇ ಥರ ಯಾಕೋ ಹೇಳ್ತೀಯ? ಕೆಲಸಕ್ಕೆ ಹೋಗೋ ಆಳು ಬೇರೆ, ಮುಳುಗೋದು ಬೇರೆ.' ಕನ್ನಡ ಕಳೆದುಕೊಂಡ ಅಕ್ಷರ ತಮಿಳಿನಲ್ಲಿ ಇನ್ನೂ ಬದುಕಿದೆ, ಅಮ್ಮ ನಾಲಗೆ ಮಡಚಿ ಅದನ್ನು ಸರಿಯಾಗಿ ಹೇಳ್ತಾಳೆ. ಅವತ್ತಿಂದ ಅನುಮಾನ ಬಂದ ಕಡೆಯೆಲ್ಲ ಅರ್ಥ ಹೇಳಿ ಅಮ್ಮನ ಬಾಯಲ್ಲಿ ಪದ ಹೇಳಿಸಿ, ಮತ್ತೆ ಫೋಟೊ ದೊಡ್ಡದು ಮಾಡಿ ನೋಡಿದೆ. ಅಮ್ಮನ ಮಾತು ಸುಳಿವು ಅಷ್ಟೆ, ತೀರ್ಪು ಪುಟದ್ದೇ.

ಈಗ ಕಂಸದ ವಿಷಯ. ಟೈಪ್ ಮಾಡುವಾಗ ಓದೋರಿಗೆ ಸುಲಭವಾಗಲಿ ಅಂತ `T.` ಇದ್ದಲ್ಲೆಲ್ಲ 'ತಮಿಳು' ಅಂತ ಬಿಡಿಸಿ ಬರೆಯೋಣ ಅನ್ನಿಸುತ್ತೆ. ಹಾಗೆ ಬರೆದರೆ ಓದೋರು 'ತಮಿಳಿನಿಂದ ಬಂದ ಪದ' ಅಂತಲೇ ತಿಳಿಯೋದು. ಕಿಟೆಲ್ ಕಂಸದಲ್ಲಿ ಪಕ್ಕದ ಭಾಷೆಗಳನ್ನು ಸಾಲಾಗಿ ಇಡೋದು 'ಅಲ್ಲೂ ಇದೆ' ಅಂತ ಹೇಳೋಕೆ. `Tbh.` ಹಾಗಲ್ಲ, ಅದಕ್ಕೆ ದಿಕ್ಕಿದೆ: ಶ್ರೀಯಿಂದ ಸಿರಿ ಬಂತು. ಒಂದು ಅಕ್ಕತಂಗಿಯರ ಸಂಬಂಧ, ಇನ್ನೊಂದು ಸಾಲದ ಸಂಬಂಧ. ಹಾಗಾಗಿ ನಾನು ಎರಡಕ್ಕೂ ಬೇರೆಬೇರೆ ಸಾಲು ಇಟ್ಟೆ. ಕೆಳಗಿನ ಅರ್ಥ ನನ್ನ ಮಾತಿನದು, ಪುಸ್ತಕದ್ದಲ್ಲ, ನೋಡಬೇಕಾದ್ದು ಚೌಕಟ್ಟನ್ನು.

```
hw:    ಆೞ್
pron:  āḻ
sense: 1. ಮುಳುಗು, ಕೆಳಗಿಳಿ
same:  T., M.
from:
```

`hw` ಸಾಲು ದಪ್ಪಕ್ಷರದ ಕೆಲಸ ಮಾಡುತ್ತೆ. `same` ಅಂದ್ರೆ ಅಲ್ಲೂ ಇದೆ, `from` ಅಂದ್ರೆ ಅಲ್ಲಿಂದ ಬಂತು. ಇಲ್ಲಿ `from` ಖಾಲಿ, ಖಾಲಿ ಇರೋದೇ ಮಾಹಿತಿ. ತುಂಡಕ್ಷರಗಳನ್ನು ಇದ್ದ ಹಾಗೇ ಬಿಟ್ಟು, ವಿವರಣೆಯ ಪಟ್ಟಿಯನ್ನು ಬೇರೆ ಕಡತದಲ್ಲಿ ಇಟ್ಟೆ. ಕೊನೆಗೆ `hw` ಸಾಲುಗಳನ್ನಷ್ಟೇ ಮೇಲಿಂದ ಕೆಳಗೆ ಓದಿದೆ. ಅಕಾರಾದಿ ಕ್ರಮ ತಪ್ಪಿದ ಪದ ಕಂಡರೆ ಅಲ್ಲಿ ಅಕ್ಷರ ತಪ್ಪಾಗಿ ಓದಲಾಗಿದೆ ಅಂತ ಅರ್ಥ. ಪದದ ನಡುವಿನ ಎಷ್ಟೋ ತಪ್ಪು ಇದಕ್ಕೆ ಸಿಗಲ್ಲ, ಮೊದಲೆರಡು ಅಕ್ಷರದ ತಪ್ಪು ಮಾತ್ರ ಚೆನ್ನಾಗಿ ಸಿಗುತ್ತೆ.

ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಘಂಟಿನಲ್ಲೂ ತಮಿಳು ರೂಪ ಇದ್ದ ಕಡೆ ಪದದ ಸಾಲು ತಮಿಳಿನಿಂದಲೇ ಶುರುವಾಗುತ್ತೆ. ಅದು ಯಜಮಾನಿಕೆ ಅಲ್ಲ, ದಕ್ಷಿಣದಿಂದ ಉತ್ತರಕ್ಕೆ ಪೇರಿಸಿದ ಕ್ರಮ ಅಷ್ಟೆ.

ಮೇಷ್ಟ್ರಿಗೆ ಕಡತ ಕೊಟ್ಟಾಗ ಅವರು ಮೊದಲು ನೋಡಿದ್ದು `from` ಸಾಲುಗಳನ್ನೇ. ಎಷ್ಟು ಖಾಲಿ ಇವೆ ಅಂತ ಪೆನ್ಸಿಲ್ ಹಿಡಿದು ಎಣಿಸ್ತಾ ಕೂತರು.