ಮರುಪ್ರಶ್ನೆ

ನಾನು ಮೂವತ್ತು ವರ್ಷಗಳಿಗೂ ಮೀರಿ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ ಈಚೆಗೆ ನಿವೃತ್ತನಾದವನು. ಕಾನೂನಿಗೂ ನನಗೂ ಇದ್ದ ಸಂಬಂಧವು ಮನೆಯ ಕಂದಾಯದ ರಸೀದಿಯೊಡನೆ ಮುಗಿಯುತ್ತಿದ್ದಿತು. ಅಂಥವನು ಈ ಬೇಸಗೆಯಲ್ಲಿ ಭಾರತ ಸಂವಿಧಾನದ 356ನೆಯ ಅನುಚ್ಛೇದವನ್ನು ಪದಪದವಾಗಿ ಓದಬೇಕಾಗಿ ಬಂದುದು ನನ್ನ ತಂಗಿಯ ಮಗಳ ದೆಸೆಯಿಂದ.

ಆಕೆಯು ಕಾನೂನು ಕಾಲೇಜಿನ ವಿದ್ಯಾರ್ಥಿನಿ. ಲಿಖಿತ ಪರೀಕ್ಷೆಯಲ್ಲಿ ತರಗತಿಗೇ ಮೇಲು. ಆದರೆ ಹಿಂದಿನ ವರ್ಷದ ಮೌಖಿಕ ಪರೀಕ್ಷೆಯಲ್ಲಿ ಮೊದಲನೆಯ ಪ್ರಶ್ನೆಗೆ ಗಿಳಿಯಂತೆ ಉತ್ತರ ಹೇಳಿ, ಎರಡನೆಯದಕ್ಕೆ ತಡವರಿಸಿ, ಮೂರನೆಯದಕ್ಕೆ ಬಾಯಿ ಕಟ್ಟಿದಂತಾಗಿ ಕಣ್ಣೀರಿನೊಡನೆ ಹೊರಗೆ ಬಂದಿದ್ದಳು. ಈ ಸಲವೂ ಹಾಗಾದರೆ ವಕೀಲಿಯ ಆಸೆಯನ್ನೇ ಬಿಟ್ಟುಬಿಡುವೆನೆಂದು ತಾಯಿಯ ಮುಂದೆ ಹೇಳಿದಳಂತೆ. ಪರೀಕ್ಷೆಗೆ ಒಂದು ತಿಂಗಳಿರುವಾಗ ಪುಸ್ತಕದ ಗಂಟಿನೊಡನೆ ನಮ್ಮ ಮನೆಗೆ ಬಂದು, "ಮಾವ, ನೀವು ಪರೀಕ್ಷಕರಾಗಿ ಕುಳಿತು ನನ್ನನ್ನು ಕೇಳಬೇಕು," ಎಂದಳು.

ಮೊದಲು ತಪ್ಪು ಮಾಡಿದವನು ನಾನೇ. ನಮ್ಮ ಹಳೆಯ ಪದ್ಧತಿಯಂತೆ ಉತ್ತರಗಳನ್ನೆಲ್ಲ ಕಂಠಪಾಠ ಮಾಡಿಸಿದೆನು. ಎಂಟು ದಿನಗಳಲ್ಲಿ ಆಕೆಯು ನಿರರ್ಗಳವಾಗಿ ಒಪ್ಪಿಸತೊಡಗಿದಳು. ಒಂಬತ್ತನೆಯ ದಿನ ನಾನು ನಡುವೆ ಸುಮ್ಮನೆ, "ಹಾಗೇಕೆ?" ಎಂದುದೇ ತಡ, ಸರ ಹರಿದು ಮಣಿಗಳೆಲ್ಲ ಚೆಲ್ಲಿದವು.

ಆ ರಾತ್ರಿ ನನ್ನ ವಿದ್ವತ್ ಪರೀಕ್ಷೆಯ ದಿನವು ನೆನಪಿಗೆ ಬಂದಿತು. ಹೊಗೆಯಿದ್ದಲ್ಲಿ ಬೆಂಕಿಯಿರುವುದೆಂಬ ತರ್ಕಶಾಸ್ತ್ರದ ಉದಾಹರಣೆಯನ್ನು ವಿವರಿಸುತ್ತ, ಉತ್ಸಾಹದಲ್ಲಿ ನಾಲಗೆ ಜಾರಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯೂ ಇರುವುದೆಂದುಬಿಟ್ಟೆನು. ವೃದ್ಧರಾದ ಪರೀಕ್ಷಕರು ಕೋಪಿಸಲಿಲ್ಲ. ಕಾದ ಕಬ್ಬಿಣದ ಉಂಡೆಯಲ್ಲಿ ಹೊಗೆಯೆಲ್ಲಿದೆಯಪ್ಪಾ ಎಂದಷ್ಟೇ ಕೇಳಿದರು. ಅವರು ಆ ಪ್ರಶ್ನೆಯನ್ನು ಮನೆಯಿಂದ ಬರೆದು ತಂದಿರಲಿಲ್ಲ. ನನ್ನ ಬಾಯಿಂದ ಹೊರಟ "ಎಲ್ಲ" ಎಂಬ ಮಾತಿನಿಂದಲೇ ಅದು ಹುಟ್ಟಿದ್ದಿತು. ಲಕ್ಷಣವು ತನ್ನ ಎಲ್ಲೆಯನ್ನು ಮೀರಿ ಹಬ್ಬುವುದನ್ನು ನಮ್ಮವರು ಅತಿವ್ಯಾಪ್ತಿಯೆನ್ನುವರು. ಮರುಪ್ರಶ್ನೆಯ ತವರು ಬಹುಮಟ್ಟಿಗೆ ಇದೇ.

ಮರುದಿನದಿಂದ ಕ್ರಮವನ್ನು ಬದಲಿಸಿದೆವು. ಆಕೆಯು ಉತ್ತರವನ್ನು ನಾಲ್ಕು ವಾಕ್ಯಗಳಲ್ಲಿ ಹೇಳುವುದು. ನಾನು ಅದನ್ನು ಹೇಳಿದಂತೆಯೇ ಬರೆದುಕೊಂಡು, ಭಾರವಾದ ಮಾತುಗಳ ಕೆಳಗೆ ಗೆರೆಯೆಳೆದು, ಆ ಮಾತುಗಳ ಮೇಲೆಯೇ ಕೇಳುವುದು.

ಮೊದಲು ಹಿಡಿದುದು ನಮ್ಮ ರಾಜ್ಯದ್ದೇ ಆದ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆ. 1989ರ ಏಪ್ರಿಲಿನಲ್ಲಿ ನಾನಿನ್ನೂ ತರುಣ. ಸರ್ಕಾರವು ವಜಾ ಆಯಿತೆಂಬ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ ನೆನಪಿದೆ. ಹತ್ತೊಂಬತ್ತು ಶಾಸಕರು ಬೆಂಬಲವನ್ನು ಹಿಂದೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರಲ್ಲಿ ಏಳು ಮಂದಿ ತರುವಾಯ ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಯಿತೆಂದು ಬರೆದರು. ಮುಖ್ಯಮಂತ್ರಿಗಳು ಸದನದಲ್ಲಿಯೇ ಬಹುಮತವನ್ನು ತೋರಿಸುವೆನೆಂದರು. ಆದರೂ ಏಪ್ರಿಲ್ 21ರಂದು ರಾಷ್ಟ್ರಪತಿಯ ಘೋಷಣೆಯು ಹೊರಟು ವಿಧಾನಸಭೆಯು ವಿಸರ್ಜಿತವಾಯಿತು. ಉಚ್ಚ ನ್ಯಾಯಾಲಯವು ಅವರ ಅರ್ಜಿಯನ್ನು ತಳ್ಳಿಹಾಕಿತು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು.

ಈ ತೀರ್ಪು ಹೇಳಿದುದೇನೆಂದರೆ ಆಕೆಯ ಉತ್ತರ ಹೀಗಿದ್ದಿತು: "356ನೆಯ ಅನುಚ್ಛೇದವನ್ನು ಬಳಸುವ ಮೊದಲು ಸದನದಲ್ಲಿ ಬಹುಮತವನ್ನು ಪರೀಕ್ಷಿಸುವುದು ಯಾವಾಗಲೂ ಕಡ್ಡಾಯ." ಗೈಡು ಪುಸ್ತಕಗಳಲ್ಲಿ ಇರುವುದೂ ಹೆಚ್ಚುಕಡಮೆ ಹೀಗೆಯೇ. ನಾನು "ಯಾವಾಗಲೂ" ಎಂಬುದರ ಕೆಳಗೆ ಗೆರೆಯೆಳೆದು, "ಹಾಗಾದರೆ ಅದೇ ತೀರ್ಪಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲಪ್ರದೇಶಗಳ ಘೋಷಣೆಗಳನ್ನು ಎತ್ತಿಹಿಡಿದರಲ್ಲ, ಅಲ್ಲಿ ಬಹುಮತದ ಪರೀಕ್ಷೆ ನಡೆದಿತ್ತೇ?" ಎಂದೆನು.

ಕಾದ ಕಬ್ಬಿಣದ ಉಂಡೆ! ಆಕೆಯು ಬಹಳ ಹೊತ್ತು ಮೌನವಾಗಿದ್ದಳು. ಇಬ್ಬರೂ ತೀರ್ಪಿನ ಮೂಲವನ್ನೇ ತೆರೆದು ನೋಡಿದೆವು. ಆ ಮೂರು ರಾಜ್ಯಗಳಲ್ಲಿ ವಾದವಿದ್ದುದು ಬಹುಮತದ ವಿಷಯದಲ್ಲಲ್ಲ. 1992ರ ಡಿಸೆಂಬರಿನ ಅಯೋಧ್ಯೆಯ ಘಟನೆಯ ತರುವಾಯ ಜಾತ್ಯತೀತತೆಯ ವಿಷಯದಲ್ಲಿ. ಮಂತ್ರಿಮಂಡಲವು ಸದನದ ವಿಶ್ವಾಸವನ್ನು ಕಳೆದುಕೊಂಡಿತೆಂಬುದೇ ಕಾರಣವಾದಾಗ ಆ ವಿಶ್ವಾಸವನ್ನು ಅಳೆಯುವ ಸ್ಥಳವು ಸದನ, ರಾಜಭವನವಲ್ಲ ಎಂಬುದಷ್ಟೇ ನಿಯಮ. ಎಲ್ಲೆಡೆ ಹಿಂಸೆ ಹಬ್ಬಿ ನಿರ್ಭಯವಾದ ಮತದಾನವೇ ಅಸಾಧ್ಯವಾದಾಗ ಅದಕ್ಕೂ ಅಪವಾದವುಂಟು. ಹೊಸ ಉತ್ತರದಲ್ಲಿ "ಯಾವಾಗಲೂ" ಹೋಗಿ "ಬಹುಮತವೇ ಪ್ರಶ್ನೆಯಾದಾಗ" ಎಂಬುದು ಬಂದಿತು. ಮರುಪ್ರಶ್ನೆಗೆ ಹೇಳಬೇಕಾದ ಉತ್ತರವು ಮೊದಲನೆಯ ಉತ್ತರದೊಳಗೇ ಸೇರಿಕೊಂಡಿತು.

ಇನ್ನೊಂದು ದಿನ ಆಕೆಯು, "ಘೋಷಣೆಯನ್ನು ನ್ಯಾಯಾಲಯವು ವಿಮರ್ಶಿಸಬಹುದು," ಎಂದಳು. ಮಂತ್ರಿಮಂಡಲವು ರಾಷ್ಟ್ರಪತಿಗೆ ಕೊಟ್ಟ ಸಲಹೆಯನ್ನು ಯಾವ ನ್ಯಾಯಾಲಯವೂ ವಿಚಾರಿಸತಕ್ಕದ್ದಲ್ಲವೆಂದು 74ನೆಯ ಅನುಚ್ಛೇದದ ಎರಡನೆಯ ಖಂಡವು ಹೇಳುತ್ತದೆ, ಅದನ್ನು ಮುಂದಿಟ್ಟೆನು. ಇದು ಬಂದೇ ಬರುವ ಮರುಪ್ರಶ್ನೆ. ಸಲಹೆಯನ್ನು ವಿಚಾರಿಸುವಂತಿಲ್ಲ, ಸಲಹೆಗೆ ಆಧಾರವಾದ ಸಾಮಗ್ರಿಯನ್ನು ತರಿಸಿ ನೋಡಬಹುದು ಎಂಬುದು ತೀರ್ಪಿನ ವಿವೇಕ. ಆ ಸಾಮಗ್ರಿಯು ಘೋಷಣೆಯ ಉದ್ದೇಶಕ್ಕೆ ಸಂಬಂಧಪಟ್ಟುದೇ ಎಂದು ನೋಡಬಹುದು. ಅದು ಸಾಲುವುದೋ ಸಾಲದೋ ಎಂದು ತೂಗುವಂತಿಲ್ಲ. "ಒಂಬತ್ತು ಮಂದಿಯೂ ಹೀಗೆಂದರೇ?" ಎಂದು ಕೇಳಿದೆನು. ಇಲ್ಲ, ಆರು ಬೇರೆಬೇರೆ ತೀರ್ಪುಗಳಿದ್ದವು, ಕೆಲವರು ವಿಮರ್ಶೆಯ ವ್ಯಾಪ್ತಿಯನ್ನು ಇನ್ನೂ ಕಿರಿದಾಗಿಟ್ಟರು. ಆದುದರಿಂದ "ನ್ಯಾಯಾಲಯವು ಒಮ್ಮತದಿಂದ" ಎನ್ನುವುದೂ ಹೋಯಿತು.

ನನ್ನ ಮನೆಯಾಕೆ ಸೊಪ್ಪು ಸೋಸುತ್ತ ಇದನ್ನೆಲ್ಲ ಕೇಳುತ್ತಿದ್ದವಳು, "ಅಷ್ಟೆಲ್ಲ ಗೆದ್ದ ಮೇಲೆ ಬೊಮ್ಮಾಯಿಯವರು ಮತ್ತೆ ಮುಖ್ಯಮಂತ್ರಿಗಳಾದರೋ?" ಎಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹದಿನೈದು ದಿನಗಳಲ್ಲಿ ನನಗೆ ಹೊಳೆಯದಿದ್ದ ಪ್ರಶ್ನೆಯದು! 1989ರ ನವೆಂಬರಿನಲ್ಲಿಯೇ ಹೊಸ ಚುನಾವಣೆ ಮುಗಿದಿದ್ದಿತು. ತೀರ್ಪು ಬರುವಾಗ ಹಳೆಯ ಸಭೆಯನ್ನು ಎಬ್ಬಿಸುವ ಮಾತೇ ಇರಲಿಲ್ಲ. ಘೋಷಣೆಯು ಅಸಾಂವಿಧಾನಿಕವೆಂದಾದರೂ ಅವರಿಗೆ ಪರಿಹಾರವು ದೊರೆಯಲಿಲ್ಲ. ಮುಂದೆ ಹೀಗಾಗದಿರಲೆಂದೇ, ಸಂಸತ್ತಿನ ಉಭಯ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸಬಾರದೆಂದು ತೀರ್ಪು ಕಟ್ಟುಮಾಡಿತು. ವಜಾ ಆದ ಸರ್ಕಾರವೊಂದನ್ನು ನ್ಯಾಯಾಲಯವು ನಿಜವಾಗಿ ಮರಳಿ ಕೂರಿಸಿದುದು ಅರುಣಾಚಲ ಪ್ರದೇಶದಲ್ಲಿ, 2016ರಲ್ಲಿ. ಇದನ್ನೂ ಸೇರಿಸಿಕೊಂಡೆವು.

ಪರೀಕ್ಷೆಯ ದಿನ ಸಂಜೆ ಆಕೆಯಿಂದ ದೂರವಾಣಿ ಬಂದಿತು. ಅತ್ತೆ ಕೇಳಿದ ಪ್ರಶ್ನೆಯನ್ನೇ ಪರೀಕ್ಷಕರು ಕೇಳಿದರಂತೆ. ಅರುಣಾಚಲದವರೆಗೂ ತಡೆಯಿಲ್ಲದೆ ಹೋದಳಂತೆ. ಆಮೇಲೆ ನಾವು ನೆನೆಯದಿದ್ದ ಒಂದು ಬಂದಿತಂತೆ: ರಾಜ್ಯಪಾಲರು ವರದಿಯನ್ನೇ ಕಳುಹಿಸದಿದ್ದರೆ ರಾಷ್ಟ್ರಪತಿಗಳು ಏನು ಮಾಡುವರು?

"ಬಾಯಿ ಕಟ್ಟಿತೇ?" ಎಂದೆನು.

"ಒಂದು ಕ್ಷಣ ಕಟ್ಟಿತು, ಮಾವ. ಯೋಚಿಸಲು ಅನುಮತಿ ಕೇಳಿದೆ. ಅನುಚ್ಛೇದವನ್ನು ಮನಸ್ಸಿನಲ್ಲಿಯೇ ಓದಿಕೊಂಡೆ. ವರದಿ ಬಂದ ಮೇಲೆ ಅಥವಾ ಅನ್ಯಥಾ ಎಂದಿದೆಯಲ್ಲ, ಆದ್ದರಿಂದ ವರದಿಯಿಲ್ಲದೆಯೂ ಸಾಧ್ಯ ಎಂದೆ. ಹಾಗೆ ಎಂದಾದರೂ ನಡೆದಿದೆಯೇ ಎಂದರು. ಉದಾಹರಣೆ ತಿಳಿಯದು ಎಂದುಬಿಟ್ಟೆ."

ಅಂಕಪಟ್ಟಿಯು ಬರಲು ಇನ್ನೂ ದಿನಗಳಿವೆ. ನಾನು ಅಂದು ರಾತ್ರಿ ಕುಳಿತು ಹುಡುಕಿದೆನು. 1991ರ ಜನವರಿಯಲ್ಲಿ ತಮಿಳುನಾಡಿನ ಸರ್ಕಾರವು ರಾಜ್ಯಪಾಲರ ವರದಿಯಿಲ್ಲದೆಯೇ ವಜಾ ಆಗಿದ್ದಿತು. ಬೆಳಗ್ಗೆ ಕರೆದು ತಿಳಿಸಿದರೆ, "ಅದನ್ನು ನಿನ್ನೆ ರಾತ್ರಿಯೇ ಬರೆದುಕೊಂಡೆ, ಮಾವ," ಎಂದಳು.