ಸತ್ತ ಬೀಜ ಮೊಳೆಯಲ್ಲ, ಸ್ವಾಮಿ

ಹಾರೋಬೆಲೆಯ ನಮ್ಮ ದೊಡ್ಡಪ್ಪ ತೀರಿಕೊಂಡದ್ದು ರಾಗಿ ಕಣ ಮುಗಿದ ವಾರ. ಕನಕಪುರ ಸೀಮೆಯ ಆ ಊರಲ್ಲಿ ಕಥೋಲಿಕ ಒಕ್ಕಲು ಮನೆಗಳೇ ಹೆಚ್ಚು. ರಾತ್ರಿಯಿಡೀ ಜಪಸರ ನಡೆಯಿತು. ಬೆಳಿಗ್ಗೆ ಹಿರಿಮಗ ಗುರುಗಳ ಬಳಿ ಹೋಗಿ, ಅಪ್ಪ ದೇವಾಲಯಕ್ಕೆ ಮಾಡಿದ್ದನ್ನೆಲ್ಲ ಪ್ರಸಂಗದಲ್ಲಿ ಹೇಳಬೇಕೆಂದು ಕೇಳಿಕೊಂಡ.

"ಅದನ್ನ ನೀನೇ ಹೇಳಪ್ಪ, ಪೂಜೆ ಕೊನೆಗೆ, ಪೆಟ್ಟಿಗೆ ಎತ್ತೋ ಮುಂಚೆ" ಅಂದರು ಗುರುಗಳು. ನಿಯಮವೇ ಹಾಗಿದೆ: ಸಾವಿನ ಪೂಜೆಯಲ್ಲಿ ಚಿಕ್ಕ ಪ್ರಬೋಧನೆ ಇರಬೇಕು, ಅದು ಸತ್ತವರ ಗುಣಗಾನ ಆಗಬಾರದು. ಅಣ್ಣನ ಮುಖ ಸಪ್ಪಗಾಯಿತು.

ಪೆಟ್ಟಿಗೆಯ ಪಕ್ಕ ಪಾಸ್ಖ ಮೇಣದಬತ್ತಿ ಉರಿಯುತ್ತಿತ್ತು. ಓದಿದ್ದು ಯೊವಾನ್ನನ ಶುಭಸಂದೇಶದ 12ನೇ ಅಧ್ಯಾಯ, ಮಣ್ಣಿಗೆ ಬಿದ್ದು ಸಾಯುವ ಕಾಳಿನ ಮಾತು. ಗುರುಗಳು ಶುರು ಮಾಡಿದ್ದೇ ಬೇರೆ ಥರ.

"ಈ ವಾಕ್ಯದ ಮೇಲೆ ಇವರು ನನ್ನ ಹತ್ತಿರ ಜಗಳ ಆಡಿದ್ದರು. ಸತ್ತ ಬೀಜ ಮೊಳೆಯಲ್ಲ ಸ್ವಾಮಿ, ಕೊಳೆಯುತ್ತೆ, ಯೇಸುಸ್ವಾಮಿ ಬಡಗಿ, ಒಕ್ಕಲುತನ ಗೊತ್ತಿರಲಿಲ್ಲ ಅಂದಿದ್ದರು."

ಅಳುತ್ತಿದ್ದವರೂ ನಕ್ಕರು. ಆಮೇಲೆ ಗುರುಗಳು ಸಂತ ಪೌಲನ ಹತ್ತಿರ ಹೋದರು, ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯಕ್ಕೆ. ಬಿತ್ತುವವನು ಪೈರನ್ನು ಬಿತ್ತುವುದಿಲ್ಲ, ಬರೀ ಕಾಳನ್ನು ಬಿತ್ತುತ್ತಾನೆ. ಅದಕ್ಕೆ ಮೈ ಕೊಡುವವನು ದೇವರು. "ಕೂರಿಗೆಯಲ್ಲಿ ಬಿಟ್ಟ ರಾಗಿಯನ್ನು ತಿಂಗಳಾದ ಮೇಲೆ ಮಣ್ಣು ಕೆದಕಿ ಹುಡುಕಿದರೆ ಸಿಗುತ್ತಾ? ಸಿಗಲ್ಲ. ಹಾಗಂತ ಯಾರಾದರೂ ಬೆಳೆ ಹೋಯಿತು ಅಂತ ಅಳ್ತೀರಾ?" ದೊಡ್ಡಪ್ಪನ ವಾದಕ್ಕೆ ಉತ್ತರ ಬಂತು, ಅವನು ಎದುರು ಮಾತಾಡಲಾಗದ ದಿನ.

ಕೃತಜ್ಞತೆಗೆ ಆರಿಸಿಕೊಂಡದ್ದು ಒಂದೇ ಸಂಗತಿ. ಮಳೆ ಕೈಕೊಟ್ಟ ವರ್ಷ ದೊಡ್ಡಪ್ಪ ಹಗೇವು ತೆಗೆದು, ಬಿತ್ತನೆ ರಾಗಿಯಲ್ಲಿ ಅರ್ಧ ಪಕ್ಕದ ಹೊಲದವನಿಗೆ ಅಳೆದುಕೊಟ್ಟಿದ್ದ. ಅದಕ್ಕೂ ಗುರುಗಳು ದೊಡ್ಡಪ್ಪನನ್ನು ಹೊಗಳಲಿಲ್ಲ, ಕೊಡುವ ಮನಸ್ಸು ಕೊಟ್ಟ ದೇವರಿಗೆ ವಂದನೆ ಹೇಳಿದರು. ಸ್ವರ್ಗ ಸೇರಿಯಾಯಿತು ಎಂದೂ ತೀರ್ಪು ಕೊಡಲಿಲ್ಲ. "ದೇವರ ಕರುಣೆ ದೊಡ್ಡದು, ಅದಕ್ಕೇ ಇವರ ಆತ್ಮಕ್ಕಾಗಿ ಇನ್ನೂ ಪ್ರಾರ್ಥನೆ ಮಾಡೋಣ" ಅಂದರು. ನನಗೆ ಸಮಾಧಾನ ತಂದದ್ದು ಈ ಮಾತೇ. ಎಲ್ಲ ಮುಗಿಯಿತು ಅಂದಿದ್ದರೆ ನಮಗೆ ಮಾಡಲು ಏನೂ ಉಳಿಯುತ್ತಿರಲಿಲ್ಲ.

ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಕೊನೆಗೆ ಅಣ್ಣ ಎದ್ದು ಕಾಣಿಕೆಗಳ ಪಟ್ಟಿ ಓದತೊಡಗಿ, ಅರ್ಧದಲ್ಲೇ ಬಿಟ್ಟು, ಅಪ್ಪ ಉಳುಮೆಗೆ ಮುಂಚೆ ನೊಗಕ್ಕೆ ಶಿಲುಬೆ ಗುರುತು ಹಾಕುತ್ತಿದ್ದುದನ್ನು ಹೇಳಿ ಕೂತ. ತೀರ್ಥ ಚಿಮುಕಿಸಿ, ಧೂಪ ಹಾಕಿ, ಪೆಟ್ಟಿಗೆ ಎತ್ತಿದರು.

ಮನೆಗೆ ಬಂದ ಮೇಲೆ ನೆಂಟರೊಬ್ಬರು, ಗುರುಗಳು ಹಿರಿಯರನ್ನು ನಾಲ್ಕು ಮಾತು ಹೊಗಳಬಹುದಿತ್ತು ಎಂದು ಗೊಣಗಿದರು. ದೊಡ್ಡಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, "ಹೊಗಳಿದ್ದಿದ್ರೆ ನಾನೇ ಎದ್ದು ಬದ ಒತ್ತಿದ ಜಗಳನೂ ಹೇಳ್ತಿದ್ದೆ" ಅಂದರು.